ನೂರು ಜನರ ಲೆಕ್ಕ: ಗ್ರಾಮಸಭೆಯ ಕೋರಂ ಎಂದರೇನು, ಅದನ್ನು ಹೇಗೆ ಎಣಿಸಬೇಕು

ಶಿಡ್ಲಘಟ್ಟ ತಾಲ್ಲೂಕಿನ ಕಡೆ ಗ್ರಾಮಸಭೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಪಂಚಾಯಿತಿ ಕಚೇರಿಯ ಮುಂದೆ ಶಾಮಿಯಾನ ಎದ್ದಿರುತ್ತದೆ, ಕೆಂಪು ಕುರ್ಚಿಗಳು ಸಾಲಾಗಿರುತ್ತವೆ, ಮೈಕಿನಲ್ಲಿ ಯಾರೋ ಊರೂರಿನ ಹೆಸರು ಕೂಗಿ ಜನರನ್ನು ಕರೆಯುತ್ತಿರುತ್ತಾರೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಉದ್ದನೆಯ ಹಾಜರಿ ಪುಸ್ತಕವೊಂದು ತೆರೆದಿರುತ್ತದೆ, ಅದರ ಪಕ್ಕದಲ್ಲಿ ಹೆಬ್ಬೆಟ್ಟಿಗಾಗಿ ಶಾಯಿಯ ಡಬ್ಬಿ. ವೇದಿಕೆಯ ಮೇಲೆ ನಡೆಯುವ ಭಾಷಣಗಳಿಗಿಂತ ಆ ಪುಸ್ತಕವೇ ಆ ದಿನದ ಮುಖ್ಯ ದಾಖಲೆ ಎಂಬುದು ಬಂದವರಲ್ಲಿ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಸಭೆ ಕಾನೂನಿನ ಕಣ್ಣಿಗೆ ಸಭೆಯಾಯಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಕೋರಂ, ಅಂದರೆ ಇಷ್ಟು ಜನ ಸೇರಲೇಬೇಕು ಎಂಬ ಕನಿಷ್ಠ ಸಂಖ್ಯೆ, ಆ ಪುಟಗಳಲ್ಲಿದೆ.

ಕೋರಂ ವಿಷಯಕ್ಕೆ ಬರುವ ಮೊದಲು ಗ್ರಾಮಸಭೆ ಎಂದರೆ ಯಾವುದು ಎಂಬುದನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಮಾತಿನಲ್ಲಿ ಗ್ರಾಮ ಪಂಚಾಯಿತಿ ಮತ್ತು ಗ್ರಾಮಸಭೆ ಎರಡೂ ಒಂದೇ ಎಂಬಂತೆ ಬಳಕೆಯಾಗುತ್ತವೆ. ಗ್ರಾಮ ಪಂಚಾಯಿತಿ ಐದು ವರ್ಷಕ್ಕೆಂದು ಚುನಾಯಿತರಾದ ಸದಸ್ಯರ ಮಂಡಳಿ. ಕರ್ನಾಟಕದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬ ಲೆಕ್ಕದಲ್ಲಿ ಅದು ರಚನೆಯಾಗುತ್ತದೆ. ಗ್ರಾಮಸಭೆ ಹಾಗಲ್ಲ. ಸಂವಿಧಾನದ 243ನೇ ವಿಧಿ ಹೇಳುವಂತೆ, ಪಂಚಾಯಿತಿ ವ್ಯಾಪ್ತಿಯ ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸೇರಿ ಆಗುವ ಸಂಸ್ಥೆಯೇ ಗ್ರಾಮಸಭೆ. ಅದರ ಸದಸ್ಯತ್ವಕ್ಕೆ ಯಾರೂ ಅರ್ಜಿ ಹಾಕಬೇಕಾಗಿಲ್ಲ, ಯಾರನ್ನೂ ಆರಿಸಬೇಕಾಗಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಸದಸ್ಯತ್ವ ತಾನಾಗಿ ಬಂದಿರುತ್ತದೆ. ಪಂಚಾಯಿತಿಯ ಅವಧಿ ಮುಗಿದು ಚುನಾವಣೆ ತಡವಾಗಿ ಆಡಳಿತಾಧಿಕಾರಿಯ ಕೈಗೆ ಕಚೇರಿ ಹೋದರೂ ಗ್ರಾಮಸಭೆ ವಿಸರ್ಜನೆಯಾಗುವುದಿಲ್ಲ, ಏಕೆಂದರೆ ವಿಸರ್ಜಿಸಲು ಅಲ್ಲಿ ಅವಧಿಯೇ ಇಲ್ಲ.

1992ರ 73ನೇ ತಿದ್ದುಪಡಿ ಗ್ರಾಮಸಭೆಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟಿತಾದರೂ ಅದಕ್ಕೆ ಯಾವ ಅಧಿಕಾರವಿರಬೇಕು ಎಂಬುದನ್ನು ಆಯಾ ರಾಜ್ಯದ ಶಾಸಕಾಂಗಕ್ಕೇ ಬಿಟ್ಟಿತು. ಹಾಗಾಗಿ ನಮಗೆ ಬೇಕಾದ ವಿವರಗಳೆಲ್ಲ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಲ್ಲಿ, ಅದಕ್ಕೆ ನಂತರ ಆದ ತಿದ್ದುಪಡಿಗಳಲ್ಲಿ ಸಿಗುತ್ತವೆ. ಈಗ ಆ ಕಾಯ್ದೆಯ ಹೆಸರಿಗೆ 'ಗ್ರಾಮ ಸ್ವರಾಜ್' ಎಂಬುದೂ ಸೇರಿದೆ. ಈ ಕಾಯ್ದೆಯ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರಬೇಕು, ಪಂಚಾಯಿತಿಯ ಅಧ್ಯಕ್ಷರು ಅದರ ಅಧ್ಯಕ್ಷತೆ ವಹಿಸಬೇಕು. ಅದಕ್ಕೆ ಮುನ್ನ ಕೆಳಗಿನ ಹಂತದಲ್ಲಿ ಜನವಸತಿ ಸಭೆ, ವಾರ್ಡ್ ಸಭೆಗಳು ನಡೆದು ಅಲ್ಲಿಂದ ಬೇಡಿಕೆಗಳೂ ಆದ್ಯತೆಯ ಪಟ್ಟಿಗಳೂ ಮೇಲಕ್ಕೆ ಬರಬೇಕು. ವಾರ್ಡ್ ಸಭೆಗೂ ಒಂದು ಚಿಕ್ಕ ಕೋರಂ ಇದೆ. ಆದರೆ ಎಡವಟ್ಟು ಹೆಚ್ಚಾಗಿ ಆಗುವುದು ಗ್ರಾಮಸಭೆಯಲ್ಲೇ ಆದ್ದರಿಂದ ಇಲ್ಲಿ ಅದನ್ನೇ ಹಿಡಿದು ಹೋಗುತ್ತೇನೆ.

ಈ ಸಭೆ ಮಾಡುವ ಕೆಲಸ ಏನು? ಮುಂದಿನ ವರ್ಷದ ಯೋಜನೆಯನ್ನು, ಅಂದರೆ 'ನಮ್ಮ ಗ್ರಾಮ ನಮ್ಮ ಯೋಜನೆ' ಎಂಬ ಹೆಸರಿನಲ್ಲಿ ತಯಾರಾಗುವ ಪಟ್ಟಿಯನ್ನು, ಪರಿಶೀಲಿಸಿ ಒಪ್ಪುವುದು ಒಂದು. ಯಾವ ಊರಿನ ಚರಂಡಿ ಮೊದಲು, ಯಾವ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ರಿಪೇರಿ ನಂತರ ಎಂಬ ಜಗಳ ತೀರಬೇಕಾದ ಜಾಗ ಅದು. ಹಿಂದಿನ ವರ್ಷದ ಲೆಕ್ಕಪತ್ರ, ಆಡಳಿತ ವರದಿ, ಲೆಕ್ಕ ಪರಿಶೋಧನೆಯ ಆಕ್ಷೇಪಣೆಗಳನ್ನು ಜನರ ಮುಂದಿಡುವುದು ಇನ್ನೊಂದು. 2005ರ ಉದ್ಯೋಗ ಖಾತ್ರಿ ಕಾಯ್ದೆ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನೂ ಗ್ರಾಮಸಭೆಯ ಕೈಗೇ ಕೊಟ್ಟಿತ್ತು. ಆದರೆ ಜನರನ್ನು ನಿಜವಾಗಿ ಮನೆಯಿಂದ ಎಬ್ಬಿಸಿ ತರುವ ಕೆಲಸ ಮೂರನೆಯದು: ಫಲಾನುಭವಿಗಳ ಆಯ್ಕೆ. ಬಸವ ವಸತಿಯಂಥ ಯೋಜನೆಯಡಿ ಪಂಚಾಯಿತಿಗೆ ಇಷ್ಟು ಮನೆ ಎಂದು ಮೇಲಿನಿಂದ ಬಂದಾಗ ಅದು ಯಾರಿಗೆ ಎಂಬುದನ್ನು ವಾರ್ಡ್ ಸಭೆಗಳಿಂದ ಬಂದ ಆದ್ಯತೆಯ ಆಧಾರದ ಮೇಲೆ ತೀರ್ಮಾನಿಸಬೇಕಾದವರು ಗ್ರಾಮಸಭೆಯವರು. ಎಷ್ಟು ಮನೆ, ಯಾವ ವರ್ಗಕ್ಕೆ ಎಷ್ಟು ಎಂಬುದನ್ನು ಬದಲಿಸುವ ಅಧಿಕಾರ ಸಭೆಗಿಲ್ಲ. ಆದರೆ ಹೆಸರುಗಳ ವಿಷಯದಲ್ಲಿ ಸಭೆ ಸಲಹೆ ಕೊಡುವ ಸಂಸ್ಥೆಯಲ್ಲ, ಆಯ್ಕೆ ಮಾಡುವ ಸಂಸ್ಥೆ. ಕೋರಂ ಪ್ರಶ್ನೆಗೆ ತೂಕ ಬರುವುದು ಇಲ್ಲೇ. ಬರೀ ಅಹವಾಲು ಕೇಳುವ ಸಭೆಯಾಗಿದ್ದರೆ ಹತ್ತು ಜನ ಬಂದರೂ ನಡೆಯುತ್ತಿತ್ತು. ನಾಲ್ಕು ಸಾವಿರ ಮತದಾರರ ಪರವಾಗಿ ಹೆಸರು ಆರಿಸುವ ಸಭೆಗೆ ಇಷ್ಟಾದರೂ ಜನ ಇರಬೇಕು ಎಂಬ ಗೆರೆ ಬೇಕೇ ಬೇಕು.

ಆ ಗೆರೆಯನ್ನು ಕಾಯ್ದೆ ಹೀಗೆ ಎಳೆದಿದೆ. ಗ್ರಾಮಸಭೆಯ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಹಾಜರಿರಬೇಕು. ಅದರ ಜೊತೆಗೆ ಮೂರು ಮಾತುಗಳಿವೆ: ಪಂಚಾಯಿತಿಯ ಪ್ರತಿ ವಾರ್ಡಿನಿಂದ ಹತ್ತು ಜನರಾದರೂ ಬರಬೇಕು, ಹಾಜರಾದವರಲ್ಲಿ ನೂರಕ್ಕೆ ಮೂವತ್ತರಷ್ಟು ಮಹಿಳೆಯರಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಸಾಧ್ಯವಾದಷ್ಟು ಮಟ್ಟಿಗೆ ತಮ್ಮ ಜನಸಂಖ್ಯೆಗೆ ತಕ್ಕ ಪ್ರಮಾಣದಲ್ಲಿರಬೇಕು.

'ಯಾವುದು ಕಡಿಮೆಯೋ ಅದು' ಎಂಬ ಮೂರು ಪದಗಳನ್ನು ಓದುವವರು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತಾರೆ, ಆಮೇಲೆ ಗ್ರಾಮಸಭೆಗೆ ಹತ್ತನೇ ಒಂದು ಭಾಗ ಜನ ಬೇಕು ಎಂದೇ ನೆನಪಿಟ್ಟುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಆರು ಸಾವಿರ ಜನಸಂಖ್ಯೆಯ ಒಂದು ಪಂಚಾಯಿತಿಯಲ್ಲಿ 4,300 ಮತದಾರರಿದ್ದಾರೆ ಎನ್ನೋಣ. ಹತ್ತನೇ ಒಂದು ಭಾಗವೆಂದರೆ 430. ನೂರು ಅದಕ್ಕಿಂತ ಕಡಿಮೆ, ಆದ್ದರಿಂದ ಕೋರಂ ನೂರು. ಅಂದರೆ ನೂರು ಮತದಾರರಲ್ಲಿ ಎರಡೂವರೆ ಮಂದಿಯೂ ಬರಬೇಕಾಗಿಲ್ಲ. ಹತ್ತನೇ ಒಂದು ಭಾಗದ ನಿಯಮ ಚಾಲ್ತಿಗೆ ಬರಬೇಕಾದರೆ ಇಡೀ ಪಂಚಾಯಿತಿಯಲ್ಲಿ ಮತದಾರರು ಸಾವಿರಕ್ಕಿಂತ ಕಡಿಮೆ ಇರಬೇಕು. ನಮ್ಮ ಬಯಲುಸೀಮೆಯ ಪಂಚಾಯಿತಿಗಳಲ್ಲಿ ಅಂಥದ್ದನ್ನು ಹುಡುಕುವುದೇ ಕಷ್ಟ. ಕಾಯ್ದೆಯಲ್ಲಿ ಎರಡು ಅಳತೆಗೋಲುಗಳಿದ್ದರೂ ಬಳಕೆಗೆ ಬರುವುದು ಒಂದೇ.

ವಿಚಿತ್ರವೆಂದರೆ ಅದೇ ಕಾಯ್ದೆ ಇನ್ನೊಂದು ಕಡೆ ಹತ್ತನೇ ಒಂದು ಭಾಗವನ್ನು ಯಾವ ರಿಯಾಯಿತಿಯೂ ಇಲ್ಲದೆ ಕೇಳುತ್ತದೆ. ಆರು ತಿಂಗಳ ಸಭೆಗೆ ಕಾಯದೆ ವಿಶೇಷ ಗ್ರಾಮಸಭೆ ಕರೆಯಿರಿ ಎಂದು ಜನ ಒತ್ತಾಯಿಸಬೇಕಾದರೆ ಶೇಕಡ ಹತ್ತರಷ್ಟು ಸದಸ್ಯರು ವಿಷಯಸೂಚಿಯನ್ನೂ ಬರೆದು ಮನವಿ ಕೊಡಬೇಕು. ಮೇಲಿನ ಪಂಚಾಯಿತಿಯಲ್ಲಿ ಅದಕ್ಕೆ 430 ಸಹಿ ಬೇಕು. ಸಭೆ ಕರೆಸಲು 430 ಜನ, ಕರೆಸಿದ ಸಭೆ ನಡೆಸಲು ನೂರು ಜನ! ಕಾಯ್ದೆ ಬರೆದವರು ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರೇ ಎಂಬ ಅನುಮಾನ ನನಗಿದೆ.

ಕೋರಂ ಚಿಕ್ಕದಾಗಿರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ದೊಡ್ಡದಾಗಿದ್ದರೆ ಸಭೆಗಳು ಮುಂದಕ್ಕೆ ಹೋಗುತ್ತಲೇ ಇರುತ್ತವೆ, ಕೊನೆಗೆ ಮನೆಗಳ ಗಡುವು ಮುಗಿದು ಯಾರಿಗೂ ಸಿಗದಂತಾಗುತ್ತದೆ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳನ್ನು ನೋಡಿದರೆ ಈ ತೊಡಕು ಅರ್ಥವಾಗುತ್ತದೆ. ಆ ನಿಯಮಗಳಡಿ ಸೇರುವ ಗ್ರಾಮಸಭೆಗೆ 2008ರಲ್ಲಿ ಮೂರನೇ ಎರಡು ಭಾಗದ ಕೋರಂ ಇತ್ತು. ಅದು ಕಾರ್ಯಸಾಧ್ಯವಲ್ಲವೆಂದು 2012ರಲ್ಲಿ ಅರ್ಧಕ್ಕೆ ಇಳಿಸಿ, ಹಾಜರಾದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು ಎಂಬುದನ್ನು ಸೇರಿಸಿದರು. ಪಾವಗಡ, ಮಧುಗಿರಿ ಕಡೆಯ ಕಾಡಂಚಿನ ಊರಿನವರಿಗೆ ಹೀಗೆ ಎರಡು ಬಗೆಯ ಗ್ರಾಮಸಭೆ ಗೊತ್ತಿರಬೇಕಾಗುತ್ತದೆ: ಮನೆ ಹಂಚಲು ಇಡೀ ಪಂಚಾಯಿತಿಯಿಂದ ನೂರು ಜನ, ಅರಣ್ಯ ಭೂಮಿಯ ಅರ್ಜಿ ನೋಡಲು ಊರಿನ ಅರ್ಧ ಜನ. ಒಂದಕ್ಕೆ ಸಾಕಾದ ಹಾಜರಿ ಇನ್ನೊಂದಕ್ಕೆ ಸಾಲದು.

ಸಂಖ್ಯೆ ನೂರಕ್ಕೆ ಇಳಿದ ಮೇಲೆ ಅದರ ಜೊತೆಗಿರುವ ಮೂರು ಮಾತುಗಳೇ ಮುಖ್ಯವಾಗುತ್ತವೆ ಎಂಬುದು ನನ್ನ ತಿಳಿವಳಿಕೆ. ನೂರು ಜನರನ್ನು ಕೂಡಿಸುವುದು ಯಾವ ಅಧ್ಯಕ್ಷರಿಗೂ ಕಷ್ಟವಲ್ಲ. ಪಂಚಾಯಿತಿ ಕಚೇರಿ ಇರುವ ಊರಿನವರೇ ಬಂದರೂ ಸಾಕು. ಅದಕ್ಕೇ ಕಾಯ್ದೆ ಎಷ್ಟು ಜನ ಎಂದು ಕೇಳಿ ಅಲ್ಲಿಗೇ ನಿಲ್ಲಿಸದೆ ಎಲ್ಲಿಂದ, ಯಾರು ಎಂದೂ ಕೇಳುತ್ತದೆ. ಇದು ಹೇಗೆ ಕೆಲಸ ಮಾಡುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ಮೇಲಿನ 4,300 ಮತದಾರರ ಪಂಚಾಯಿತಿಯಲ್ಲೇ ನೋಡೋಣ. ಅಂಕಿಗಳು ಉದಾಹರಣೆಗೆಂದು ನಾನು ಹಾಕಿಕೊಂಡವು, ಆದರೆ ನಡೆಯುವ ರೀತಿ ಈ ಭಾಗದ ಸಭೆಗಳಲ್ಲಿ ಕೂತವರಿಗೆ ಹೊಸದೇನಲ್ಲ.

ಏಳು ಹಳ್ಳಿ, ಐದು ವಾರ್ಡು. 24 ಮನೆ ಬಂದಿವೆ, 160 ಅರ್ಜಿಗಳಿವೆ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಎಂದು ನೋಟಿಸು ಅಂಟಿಸಿದ್ದಾರೆ. ಈ ಭಾಗದಲ್ಲಿ ಹನ್ನೊಂದು ಗಂಟೆ ಯಾರಿಗೆ ಅನುಕೂಲ ಎಂದು ಕೇಳಿದರೆ ಅರ್ಧ ಕಥೆ ತಿಳಿಯುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದವರು ಆ ಹೊತ್ತಿಗೆ ಹೊಲದಲ್ಲಿರುತ್ತಾರೆ. ಹುಳು ನಾಲ್ಕನೇ ಜ್ವರದಿಂದ ಎದ್ದ ಮನೆಯಲ್ಲಿ ಹೆಂಗಸರು ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹಾಕುವುದರಲ್ಲೇ ದಿನ ಕಳೆಯುತ್ತಾರೆ. ಆ ಏಳೆಂಟು ದಿನ ಅವರನ್ನು ಮದುವೆಗೆ ಕರೆದರೂ ಬರುವುದಿಲ್ಲ. ಟೊಮೆಟೊ ಕೊಯ್ಲಿನ ಕೂಲಿಗೆ ಹೋದವರಿಗೆ ಸಭೆಗೆ ಬಂದರೆ ಆ ದಿನದ ಕೂಲಿ ಹೋಯಿತು. ಹೀಗಾಗಿ 11.40ಕ್ಕೆ ಕುರ್ಚಿಯಲ್ಲಿ 58 ಜನ ಇದ್ದಾರೆ. ಮೈಕಿನಲ್ಲಿ ಕೂಗು ಮುಂದುವರಿಯುತ್ತದೆ, ಇಲಾಖೆಗಳ ಅಧಿಕಾರಿಗಳು ತಮ್ಮ ಯೋಜನೆಗಳ ವಿವರ ಕೊಡಲು ಶುರು ಮಾಡುತ್ತಾರೆ, ಮಧ್ಯಾಹ್ನ ಒಂದು ಗಂಟೆಗೆ ಹಾಜರಿ ಪುಸ್ತಕದಲ್ಲಿ 117 ಸಹಿ ಆಗಿವೆ. ಕೋರಂ ಆಯಿತು ಎಂದು ಘೋಷಣೆಯಾಗುತ್ತದೆ.

ಆಯಿತೇ? ಮೊದಲು 117 ಯಾರು ಎಂದು ನೋಡಬೇಕು. ಕೋರಂಗೆ ಲೆಕ್ಕಕ್ಕೆ ಬರುವವರು ಗ್ರಾಮಸಭೆಯ ಸದಸ್ಯರು, ಅಂದರೆ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿರುವವರು ಮಾತ್ರ. ತಾಲ್ಲೂಕಿನಿಂದ ಬಂದ ನೋಡಲ್ ಅಧಿಕಾರಿ, ಕೃಷಿ ಇಲಾಖೆಯವರು, ಬೇರೆ ಊರಿನಿಂದ ಬಂದು ಕೆಲಸ ಮಾಡುವ ಅಂಗನವಾಡಿ ಕಾರ್ಯಕರ್ತೆ, ಶಾಲೆಯಿಂದ ಕರೆತಂದ ಹುಡುಗರು, ಇವರ ಸಹಿ ಹಾಜರಿಯಲ್ಲಿ ಇರಬಹುದು, ಕೋರಂನಲ್ಲಿ ಇಲ್ಲ. ಅದೇ ಅಂಗನವಾಡಿ ಕಾರ್ಯಕರ್ತೆ ಅದೇ ಪಂಚಾಯಿತಿಯ ಮತದಾರಳಾಗಿದ್ದರೆ ಆಕೆಯ ಸಹಿ ಧಾರಾಳವಾಗಿ ಲೆಕ್ಕಕ್ಕೆ ಬರುತ್ತದೆ. ಹೀಗೆ 13 ಸಹಿ ಬಿಟ್ಟರೆ ಉಳಿಯುವುದು 104. ಸಂಖ್ಯೆಯ ಮಟ್ಟಿಗೆ ಇನ್ನೂ ಸರಿಯಾಗಿದೆ.

ಇನ್ನು ಮಹಿಳೆಯರು. 104ಕ್ಕೆ ಶೇಕಡ ಮೂವತ್ತು ಎಂದರೆ 31.2, ಅಂದರೆ 32 ಜನ ಬೇಕು, ಇರುವವರು 25. ಇಲ್ಲಿ ಒಂದು ತಪ್ಪು ತಿಳಿವಳಿಕೆ ಚಾಲ್ತಿಯಲ್ಲಿದೆ: ಕೋರಂ ನೂರು ಆದ್ದರಿಂದ ಮೂವತ್ತು ಹೆಂಗಸರು ಬಂದರೆ ಮುಗಿಯಿತು ಎನ್ನುತ್ತಾರೆ. ಹಾಗಲ್ಲ, ಪ್ರಮಾಣ ಹಾಜರಾದವರ ಮೇಲೆ. ಇನ್ನೂರು ಜನ ಬಂದರೆ ಅರವತ್ತು ಮಹಿಳೆಯರಿರಬೇಕು. ಗಂಡಸರು ಹೆಚ್ಚು ಸೇರಿದಷ್ಟೂ ಈ ಷರತ್ತು ಬಿಗಿಯಾಗುತ್ತದೆ.

ಆಮೇಲೆ ವಾರ್ಡು. 104ರಲ್ಲಿ ಪಂಚಾಯಿತಿ ಕೇಂದ್ರವಿರುವ ವಾರ್ಡಿನವರು 56, ಪಕ್ಕದ ವಾರ್ಡಿನವರು 22, ಮೂರನೆಯದರಿಂದ 14, ನಾಲ್ಕನೆಯದರಿಂದ 8, ಆರು ಕಿಲೋಮೀಟರ್ ಆಚೆ ಕೆರೆ ಏರಿ ದಾಟಿ ಬರಬೇಕಾದ ಐದನೆಯದರಿಂದ 4. ಎರಡು ವಾರ್ಡು ಹತ್ತನ್ನು ಮುಟ್ಟಿಲ್ಲ. ಹಾಜರಿ ಪುಸ್ತಕದಲ್ಲಿ ವಾರ್ಡಿನ ಕಾಲಂ ಇಲ್ಲದಿದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಬರೀ ಕ್ರಮಸಂಖ್ಯೆ, ಹೆಸರು, ಸಹಿ ಇರುವ ಪುಸ್ತಕದಲ್ಲಿ 104 ಎಂಬುದಷ್ಟೇ ಕಾಣುತ್ತದೆ.

ಇದರಿಂದ ಆಗುವ ನಷ್ಟ ಎಂಥದ್ದು ಎಂಬುದಕ್ಕೆ ಐದನೇ ವಾರ್ಡನ್ನೇ ನೋಡಿ. ಆ ವಾರ್ಡ್ ಸಭೆಯ ಪಟ್ಟಿಯಲ್ಲಿ ಮೊದಲ ಹೆಸರು ಗಂಡನಿಲ್ಲದ ಒಬ್ಬ ಹೆಂಗಸಿನದು. ಮಣ್ಣಿನ ಗೋಡೆ, ಮೇಲೆ ತಗಡು, ಮಳೆಗಾಲದಲ್ಲಿ ಒಂದು ಮೂಲೆ ಕುಸಿದಿದೆ. ಗ್ರಾಮಸಭೆಯಲ್ಲಿ ಐದು ವಾರ್ಡಿನ ಪಟ್ಟಿಗಳನ್ನು ಒಂದು ಮಾಡುವಾಗ ಯಾರದು ಮೊದಲು ಎಂಬ ಚರ್ಚೆ ಏಳುತ್ತದೆ. ಮೊದಲ ವಾರ್ಡಿನವರು ತಮ್ಮವರ ಮನೆ ಎಂಥ ಸ್ಥಿತಿಯಲ್ಲಿದೆ ಎಂದು ಎದ್ದು ನಿಂತು ಹೇಳುತ್ತಾರೆ. ಐದನೇ ವಾರ್ಡಿನ ಹೆಸರು ಕೂಗಿದಾಗ ಆಕೆಯ ಮನೆ ಕಂಡ ಒಬ್ಬರೂ ಶಾಮಿಯಾನದಲ್ಲಿಲ್ಲ; ಬಂದಿದ್ದ ನಾಲ್ವರು ಮಧ್ಯಾಹ್ನದ ಬಸ್ಸಿಗೆ ಹೊರಟು ಹೋಗಿದ್ದಾರೆ. ಆಕೆಯ ಹೆಸರು ಪಟ್ಟಿಯಿಂದ ತೆಗೆದದ್ದೇನೂ ಆಗಲಿಲ್ಲ, 41ನೇ ಸ್ಥಾನಕ್ಕೆ ಹೋಯಿತು ಅಷ್ಟೇ. ಮನೆಗಳು 24ಕ್ಕೇ ಮುಗಿದವು. ಯಾರೂ ಮೋಸ ಮಾಡದೆ, ಯಾರೂ ಲಂಚ ಮುಟ್ಟದೆಯೂ ಇದು ನಡೆಯಬಲ್ಲದು. ಪ್ರತಿ ವಾರ್ಡಿನಿಂದ ಹತ್ತು ಜನ ಎಂಬ ಮಾತು ತಡೆಯಲು ಹೊರಟಿರುವುದು ಇದನ್ನೇ.

ಬಸ್ಸಿಗೆ ಹೋದವರ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಕೋರಂ ಆಯಿತು ಎಂದು ಒಂದು ಗಂಟೆಗೆ ಹೇಳಿದರು. ಊಟವಾದ ಮೇಲೆ, ಮೂರು ಗಂಟೆಗೆ, ಫಲಾನುಭವಿಗಳ ಪಟ್ಟಿ ಕೈಗೆತ್ತಿಕೊಳ್ಳುವಾಗ ಕುರ್ಚಿಯಲ್ಲಿರುವವರು 47. ಯಾವುದೇ ಸಭೆಯಲ್ಲಿ ಕೋರಂ ಇಟ್ಟಿರುವುದು ತೀರ್ಮಾನ ಮಾಡುವ ಹೊತ್ತಿಗೆ ಅಷ್ಟು ಜನ ಇರಲಿ ಎಂದು, ಬೆಳಿಗ್ಗೆ ಅಷ್ಟು ಜನ ಬಂದು ಹೋಗಲಿ ಎಂದಲ್ಲ. ಆದರೆ ಸಹಿ ಒಂದೇ ಸಲ ಹಾಕಿಸಿಕೊಳ್ಳುವುದರಿಂದ ಪುಸ್ತಕ ಮೂರು ಗಂಟೆಯ ಸ್ಥಿತಿಯನ್ನು ಹೇಳುವುದೇ ಇಲ್ಲ. ಮುಖ್ಯ ವಿಷಯವನ್ನು ಕೊನೆಗೆ ಇಡುವ ರೂಢಿ ಆಕಸ್ಮಿಕವೋ ಉದ್ದೇಶವೋ ನಾನು ಹೇಳಲಾರೆ. ವಸತಿ ಪಟ್ಟಿಯನ್ನೇ ಮೊದಲ ವಿಷಯವಾಗಿ ಎತ್ತಿಕೊಂಡು, ಇಲಾಖೆಗಳ ವಿವರಣೆಯನ್ನು ಮಧ್ಯಾಹ್ನಕ್ಕೆ ಇಟ್ಟರೆ ತೊಂದರೆಯ ಅರ್ಧ ಭಾಗ ತಾನೇ ಕಳೆಯುತ್ತದೆ. ಅದಕ್ಕೆ ಯಾವ ತಿದ್ದುಪಡಿಯೂ ಬೇಕಾಗಿಲ್ಲ.

ಕೋರಂ ಇಲ್ಲದಿದ್ದರೆ ಅಧ್ಯಕ್ಷರು ಮಾಡಬೇಕಾದದ್ದು ಸರಳ: ಇಂತಿಷ್ಟು ಜನ ಹಾಜರಿದ್ದರು, ಕೋರಂ ಇರಲಿಲ್ಲ ಎಂದು ನಡಾವಳಿಯಲ್ಲಿ ಬರೆಸಿ ಸಭೆಯನ್ನು ಬೇರೆ ದಿನಕ್ಕೆ ಮುಂದೂಡುವುದು. ಆದರೆ ಮುಂದೂಡಿದರೆ ಶಾಮಿಯಾನದ ಖರ್ಚು ಎರಡು ಸಲ, ನೋಟಿಸು ಎರಡು ಸಲ, ಮೇಲಿನಿಂದ ಪಟ್ಟಿ ಎಲ್ಲಿ ಎಂಬ ಫೋನು ದಿನಕ್ಕೆ ಎರಡು ಸಲ. ಆದ್ದರಿಂದ ಸುಲಭದ ದಾರಿಯೊಂದು ಹುಟ್ಟಿಕೊಂಡಿದೆ. ಸಭೆ ಮುಗಿದ ಮೇಲೆ ಹಾಜರಿ ಪುಸ್ತಕ ಬೈಕಿನಲ್ಲಿ ಊರಿಗೆ ಹೋಗುತ್ತದೆ, ಡೇರಿಯ ಮುಂದೆ ಸಂಜೆ ಹಾಲು ಹಾಕಲು ನಿಂತವರು ಒಬ್ಬೊಬ್ಬರಾಗಿ ಸಹಿ ಹಾಕುತ್ತಾರೆ. ಕೇಳಿದವರಿಗೆ ಮನೆಗಳು ವಾಪಸು ಹೋಗಬಾರದಲ್ಲ ಎಂಬ ಉತ್ತರ ಸಿದ್ಧವಿರುತ್ತದೆ, ಅದರಲ್ಲಿ ಸ್ವಲ್ಪ ನಿಜವೂ ಇರುತ್ತದೆ. ಆದರೆ ಹೀಗೆ ಸಹಿ ಹಾಕಿದವರು ತಾವು ನೋಡದ ಪಟ್ಟಿಯನ್ನು ತಾವೇ ಒಪ್ಪಿದಂತಾಯಿತು ಎಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ. ನಾಳೆ ಪಟ್ಟಿಯನ್ನು ಪ್ರಶ್ನಿಸಲು ಹೋದರೆ ಅವರ ಸಹಿಯನ್ನೇ ಅವರ ಮುಂದೆ ಹಿಡಿಯುತ್ತಾರೆ.

ಹೀಗಾದದ್ದು ಪುಸ್ತಕದಲ್ಲೇ ಗೊತ್ತಾಗುತ್ತದೆ. ಸಭೆಯಲ್ಲಿ ಹಾಕಿದ ಸಹಿಗಳಲ್ಲಿ ಊರುಗಳು ಕಲೆತಿರುತ್ತವೆ, ಪೆನ್ನು ಬದಲಾಗುತ್ತಿರುತ್ತದೆ, ನಡುವೆ ಹೆಬ್ಬೆಟ್ಟುಗಳಿರುತ್ತವೆ. ಆಮೇಲೆ ಹಾಕಿಸಿದ ಸಹಿಗಳು ಒಂದೇ ಊರಿನವು, ಒಂದೇ ಬೀದಿಯ ಮನೆಗಳ ಕ್ರಮದಲ್ಲಿ, ಒಂದೇ ಶಾಯಿಯಲ್ಲಿ ಸಾಲಾಗಿ ಬರುತ್ತವೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹಬ್ಬಕ್ಕಷ್ಟೇ ಬರುವವರ ಹೆಸರು ಕಾಣಿಸಿದರೆ ಅನುಮಾನಕ್ಕೆ ಎಡೆಯೇ ಇಲ್ಲ. ಮಾಹಿತಿ ಹಕ್ಕಿನಡಿ ಹಾಜರಿ ಪುಸ್ತಕದ ಮತ್ತು ನಡಾವಳಿಯ ಪ್ರತಿ ಎರಡನ್ನೂ ಒಟ್ಟಿಗೆ ಕೇಳಬೇಕು, ಒಂದನ್ನೇ ಕೇಳಿದರೆ ತಾಳೆ ನೋಡಲು ಆಗುವುದಿಲ್ಲ. ಪ್ರತಿಗಳಲ್ಲಿ ಶಾಯಿಯ ಬಣ್ಣ ಕಾಣದು, ಆದ್ದರಿಂದ ಮೂಲ ಪುಸ್ತಕವನ್ನೇ ಕಚೇರಿಯಲ್ಲಿ ಕೂತು ನೋಡಲು ಅರ್ಜಿಯಲ್ಲೇ ಕೇಳಿಕೊಳ್ಳುವುದು ಒಳ್ಳೆಯದು. ದೂರು ಕೊಡುವುದಾದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಲಿಖಿತವಾಗಿ, ಮನೆಗಳ ಮಂಜೂರಾತಿ ಆಗುವ ಮೊದಲೇ ಕೊಡಬೇಕು. ಅಡಿಪಾಯ ಎದ್ದ ಮೇಲೆ ಯಾವ ಅಧಿಕಾರಿಗೂ ಪಟ್ಟಿಯನ್ನು ಮುಟ್ಟುವ ಮನಸ್ಸಿರುವುದಿಲ್ಲ.

ಇವೆಲ್ಲಕ್ಕಿಂತ ಮೊದಲಿನ ಹೆಜ್ಜೆ ಸಭೆಯಲ್ಲೇ ಇದೆ, ಅದನ್ನು ಯಾವ ಮತದಾರರೂ ಎದ್ದು ನಿಂತು ಕೇಳಬಹುದು. ಮೊದಲ ವಿಷಯ ಎತ್ತಿಕೊಳ್ಳುವ ಮುನ್ನ ಪಿಡಿಒ ಹಾಜರಿ ಪುಸ್ತಕದ ಕೊನೆಯ ಸಹಿಯ ಕೆಳಗೆ ಅಡ್ಡಗೆರೆ ಎಳೆದು, ವಾರ್ಡುವಾರು ಎಷ್ಟು ಜನ, ಅವರಲ್ಲಿ ಮಹಿಳೆಯರೆಷ್ಟು ಎಂಬುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಗಂಟೆ ನಮೂದಿಸಿ, ಅಧ್ಯಕ್ಷರ ಸಹಿ ಪಡೆದು, ಮೈಕಿನಲ್ಲಿ ಓದಿ ಹೇಳಲಿ ಎಂಬುದೇ ಆ ಕೋರಿಕೆ. ತಡವಾಗಿ ಬಂದವರು ಗೆರೆಯ ಕೆಳಗೆ, ತಾವು ಬಂದ ಗಂಟೆ ಬರೆದು ಸಹಿ ಹಾಕುತ್ತಾರೆ. ವಸತಿ ಪಟ್ಟಿಯ ಹೊತ್ತಿಗೆ ಕುರ್ಚಿಗಳನ್ನು ಇನ್ನೊಮ್ಮೆ ಎಣಿಸಿ ಎರಡನೇ ಗೆರೆ ಎಳೆಯುತ್ತಾರೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ, ಅಷ್ಟಾದ ಮೇಲೆ ಆ ಪುಸ್ತಕವನ್ನು ಡೇರಿಯ ಮುಂದೆ ತೆಗೆದುಕೊಂಡು ಹೋದರೂ ಅದರಲ್ಲಿ ಸಹಿ ಹಾಕಿಸಲು ಜಾಗ ಉಳಿದಿರುವುದಿಲ್ಲ.